ಪಲ್ಸ್ ಆಕ್ಸಿಮೀಟರ್

ಪಲ್ಸ್ ಆಕ್ಸಿಮೀಟರ್ ಎಂಬುದು ಅಪಧಮನಿಯ ರಕ್ತದಲ್ಲಿರುವ ಹೀಮೋಗ್ಲೋಬಿನ್‌ನ ಶೇಕಡಾ ಎಷ್ಟು ಭಾಗವು ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನು, ಚರ್ಮವನ್ನು ಚುಚ್ಚದೆ, ಬೆಳಕಿನ ನೆರವಿನಿಂದ ಅಂದಾಜು ಮಾಡುವ ಸಾಧನ. ಬೆರಳಿನ ತುದಿಗೆ ಸಿಕ್ಕಿಸುವ ಇದರ ಚಿಕ್ಕ ರೂಪವು ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಕರ್ನಾಟಕದ ಹಳ್ಳಿಗಳಿಗೂ ತಲುಪಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಅದನ್ನು ಒಯ್ದರು. ಪರದೆಯ ಮೇಲೆ SpO2 ಎಂಬ ಗುರುತಿನೊಂದಿಗೆ ಕಾಣುವ ಅಂಕೆಯು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ.

ಈ ಸಾಧನವು ಆಮ್ಲಜನಕವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ರಕ್ತದ ಬಣ್ಣವನ್ನು. ಬಣ್ಣದಿಂದ ಆಮ್ಲಜನಕವನ್ನು ಊಹಿಸುವ ಲೆಕ್ಕವು ಕೆಲವು ಸಂದರ್ಭಗಳಲ್ಲಿ ತಪ್ಪುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಬೀರೂರು, ತರೀಕೆರೆ ಸೀಮೆಯಂಥ ಅಡಿಕೆ ಬೆಳೆಯುವ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಮೈಲುತುತ್ತವು ಹೊಟ್ಟೆ ಸೇರಿದಾಗ ಉಂಟಾಗುವ ವಿಷಬಾಧೆ ಅಂಥ ಸಂದರ್ಭಗಳಲ್ಲಿ ಒಂದು.

## ಕಾರ್ಯತತ್ತ್ವ

ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ ಹೊಳೆಯುವ ಕೆಂಪು ಬಣ್ಣದ್ದು. ಆಮ್ಲಜನಕವನ್ನು ಬಿಟ್ಟುಕೊಟ್ಟದ್ದು ಕಪ್ಪುಮಿಶ್ರಿತ ಕೆಂಪು. ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಆಮ್ಲಜನಕರಹಿತ ಹೀಮೋಗ್ಲೋಬಿನ್ ಹೆಚ್ಚು ಹೀರುತ್ತದೆ. ಕಣ್ಣಿಗೆ ಕಾಣದ ಸುಮಾರು 940 ನ್ಯಾನೋಮೀಟರ್‌ನ ಅವಕೆಂಪು ಬೆಳಕಿನಲ್ಲಿ ಇದು ತಿರುವುಮುರುವಾಗಿ, ಆಮ್ಲಜನಕಸಹಿತ ಹೀಮೋಗ್ಲೋಬಿನ್ ಹೆಚ್ಚು ಹೀರುತ್ತದೆ. ಸಾಧನದ ಒಂದು ದವಡೆಯಲ್ಲಿ ಈ ಎರಡು ಬೆಳಕುಗಳನ್ನು ಸೂಸುವ ಎರಡು ಎಲ್‌ಇಡಿಗಳೂ ಇನ್ನೊಂದು ದವಡೆಯಲ್ಲಿ ಬೆರಳನ್ನು ದಾಟಿಬಂದ ಬೆಳಕನ್ನು ಅಳೆಯುವ ಸಂವೇದಕವೂ ಇರುತ್ತವೆ. ಎಲ್‌ಇಡಿಗಳು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಬೆಳಗುತ್ತವೆ. ನಡುವೆ ಎರಡೂ ಆರಿರುವ ಒಂದು ಕ್ಷಣದಲ್ಲಿ ಕೋಣೆಯ ಬೆಳಕನ್ನು ಅಳೆದು ಲೆಕ್ಕದಿಂದ ಕಳೆಯಲಾಗುತ್ತದೆ.

ಆದರೆ ಬೆರಳಿನಲ್ಲಿ ಬೆಳಕನ್ನು ಹೀರುವುದು ರಕ್ತ ಮಾತ್ರವಲ್ಲ. ಚರ್ಮ, ಮೂಳೆ, ಉಗುರು, ಅಭಿಧಮನಿಯ ರಕ್ತ ಎಲ್ಲವೂ ಹೀರುತ್ತವೆ. ಇವುಗಳ ನಡುವೆ ಅಪಧಮನಿಯ ರಕ್ತವನ್ನು ಬೇರ್ಪಡಿಸಿ ನೋಡುವ ದಾರಿಯನ್ನು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ನಿಹೊನ್ ಕೊಹ್ಡೆನ್ ಸಂಸ್ಥೆಯ ಎಂಜಿನಿಯರ್ ತಕುವೊ ಅಒಯಾಗಿ. ಅವರು ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು ಬಣ್ಣದ ದ್ರವ್ಯವೊಂದರ ಮೂಲಕ ಅಳೆಯಲು ಪ್ರಯತ್ನಿಸುತ್ತಿದ್ದರು. ನಾಡಿಬಡಿತದಿಂದಾಗಿ ಬೆಳಕು ಏರಿಳಿಯುತ್ತಿದ್ದುದು ಅವರ ಅಳತೆಗೆ ತೊಡಕಾಗಿತ್ತು. ಆ ತೊಡಕನ್ನು ನಿವಾರಿಸಲು ಹೊರಟಾಗ, ಏರಿಳಿತವನ್ನು ಉಂಟುಮಾಡುವುದು ಅಪಧಮನಿಯ ರಕ್ತವೇ ಆದ್ದರಿಂದ ಅದನ್ನೇ ಅಳೆದರೆ ಸಾಕು ಎಂಬುದು ಅವರಿಗೆ ಹೊಳೆಯಿತು. ಸಾಧನದ ಹೆಸರಿನಲ್ಲಿ ನಾಡಿ ಎಂಬ ಅರ್ಥದ 'ಪಲ್ಸ್' ಸೇರಿರುವುದು ಈ ಕಾರಣದಿಂದ.

## ಅನುಪಾತದಿಂದ ಅಂಕೆಗೆ

ಪ್ರತಿ ಬಡಿತಕ್ಕೆ ಏರಿಳಿಯುವ ಬೆಳಕಿನ ಅಂಶವನ್ನು AC ಎಂದೂ ಸ್ಥಿರವಾಗಿರುವ ಅಂಶವನ್ನು DC ಎಂದೂ ಗುರುತಿಸುವುದು ರೂಢಿ. ಎರಡೂ ಬೆಳಕುಗಳಿಗೆ ಇವುಗಳನ್ನು ಅಳೆದು, ಸಾಧನವು ಒಂದು ಅನುಪಾತವನ್ನು ಪಡೆಯುತ್ತದೆ:

```
R = (AC660 / DC660) / (AC940 / DC940)
```

R ಕಡಿಮೆಯಾದಷ್ಟೂ ಆಮ್ಲಜನಕ ಹೆಚ್ಚು. ಇದನ್ನು ಶೇಕಡಾವಾರು ಅಂಕೆಗೆ ಪರಿವರ್ತಿಸಲು ಬಳಸುವ ಕೋಷ್ಟಕವು ಭೌತಶಾಸ್ತ್ರದ ಸೂತ್ರದಿಂದಷ್ಟೇ ಹುಟ್ಟಿದ್ದಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಲು ಕೊಟ್ಟು, ಅವರ ಅಪಧಮನಿಯ ರಕ್ತವನ್ನು ಪರೀಕ್ಷಿಸಿ, ಅದೇ ಹೊತ್ತಿನ R ಬೆಲೆಯೊಂದಿಗೆ ಹೊಂದಿಸಿ ತಯಾರಿಸಿದ್ದು. ಪಠ್ಯಗಳಲ್ಲಿ ಅದರ ಸರಳ ರೂಪವನ್ನು `SpO2 = 110 − 25 × R` ಎಂದು ಕೊಡುವುದುಂಟು. ಒಬ್ಬರ ಬೆರಳಿನಲ್ಲಿ ಕೆಂಪು ಬೆಳಕು ಪ್ರತಿ ಬಡಿತಕ್ಕೆ ಶೇ. 0.6ರಷ್ಟೂ ಅವಕೆಂಪು ಬೆಳಕು ಶೇ. 1.2ರಷ್ಟೂ ಏರಿಳಿದರೆ R 0.5 ಆಗುತ್ತದೆ, ಸೂತ್ರದಂತೆ ಅಂಕೆ 97.5. ಎರಡೂ ಬೆಳಕುಗಳು ಒಂದೇ ಪ್ರಮಾಣದಲ್ಲಿ ಏರಿಳಿದರೆ R 1 ಆಗಿ, ಅಂಕೆ 85 ಬರುತ್ತದೆ. ಈ 85 ಎಂಬ ಬೆಲೆಗೆ ಮುಂದೆ ವಿಶೇಷ ಮಹತ್ವವಿದೆ.

ಸ್ವಯಂಸೇವಕರ ಆಮ್ಲಜನಕವನ್ನು ಅಪಾಯದ ಮಟ್ಟಕ್ಕೆ ಇಳಿಸುವಂತಿಲ್ಲವಾದುದರಿಂದ ಸುಮಾರು 70ಕ್ಕಿಂತ ಕೆಳಗಿನ ಅಂಕೆಗಳು ಕೇವಲ ಊಹೆ. ಅದಕ್ಕಿಂತ ಮೇಲೆಯೂ ಎರಡು ಮೂರು ಅಂಶಗಳ ವ್ಯತ್ಯಾಸ ಸಹಜ. 94 ಮತ್ತು 96ರ ನಡುವಣ ಅಂತರಕ್ಕೆ ಹೆಚ್ಚಿನ ಅರ್ಥವಿಲ್ಲ.

## ನಾಡಿ, ಚರ್ಮ ಮತ್ತು ರಕ್ತಹೀನತೆ

ಬೆರಳು ತಣ್ಣಗಿದ್ದರೆ ಅಥವಾ ರಕ್ತದೊತ್ತಡ ತೀರ ಇಳಿದಿದ್ದರೆ ಏರಿಳಿತದ ಅಂಶವೇ ಕ್ಷೀಣಿಸಿ, ಅಂಕೆ ತಪ್ಪಾಗುತ್ತದೆ. ಅಲುಗಾಡುವ ಕೈ, ಉಗುರಿನ ಗಾಢ ಬಣ್ಣ ಇವೂ ತೊಡಕುಂಟುಮಾಡುತ್ತವೆ. ಇಂಥ ದೋಷವನ್ನು ಗುರುತಿಸುವುದು ಸುಲಭ: ಪರದೆಯ ನಾಡಿಸಂಖ್ಯೆಯನ್ನು ಮಣಿಕಟ್ಟಿನ ನಾಡಿಯೊಂದಿಗೆ ಹೋಲಿಸಬೇಕು. ಎರಡೂ ಹೊಂದದಿದ್ದರೆ SpO2 ಅಂಕೆಯನ್ನೂ ನಂಬುವಂತಿಲ್ಲ. ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಕೈಯನ್ನು ಅಲುಗಿಸದೆ ಒಂದು ನಿಮಿಷ ಕಾದು ಮತ್ತೆ ನೋಡಬೇಕು.

ಚರ್ಮದ ಬಣ್ಣದಿಂದಾಗುವ ದೋಷವನ್ನು ಹೀಗೆ ಗುರುತಿಸಲಾಗದು. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನವು 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಕಪ್ಪು ಮೈಬಣ್ಣದವರು ಬಹುಸಂಖ್ಯೆಯಲ್ಲಿರುವ ನಾಡಿನಲ್ಲಿ ಇದು ಲಕ್ಷಿಸಬೇಕಾದ ಸಂಗತಿ.

ರಕ್ತಹೀನತೆಯಲ್ಲಿ ಅಂಕೆ ತಪ್ಪಾಗುವುದಿಲ್ಲ, ಅದರ ಅರ್ಥ ತಪ್ಪಾಗುತ್ತದೆ. ಒಂದು ಗ್ರಾಂ ಹೀಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ಹೀಮೋಗ್ಲೋಬಿನ್ 15 ಗ್ರಾಂ ಇರುವವರ 100 ಮಿಲಿಲೀಟರ್ ರಕ್ತವು ಶೇ. 98ರ ಮಟ್ಟದಲ್ಲಿ ಸುಮಾರು 19.7 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 6 ಗ್ರಾಂ ಇರುವವರದು ಸುಮಾರು 7.9 ಮಾತ್ರ. ಇಬ್ಬರ ಬೆರಳಿನಲ್ಲೂ ಸಾಧನ ತೋರಿಸುವುದು 98 ಎಂದೇ. ಬಂಡಿಗಳೆಲ್ಲ ತುಂಬಿವೆಯೇ ಎಂದು ಅದು ಹೇಳುತ್ತದೆ. ಬಂಡಿಗಳು ಎಷ್ಟಿವೆ ಎಂದಲ್ಲ.

## ಇಂಗಾಲದ ಮಾನಾಕ್ಸೈಡ್

ಸಾಧನದ ಲೆಕ್ಕವು ರಕ್ತದಲ್ಲಿ ಎರಡೇ ಬಗೆಯ ಹೀಮೋಗ್ಲೋಬಿನ್ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಮೂರನೆಯದೊಂದು ಬಂದಾಗ ಎರಡು ಬೆಳಕುಗಳಿಂದ ಅದನ್ನು ಬೇರ್ಪಡಿಸಲಾಗದು.

ಮುಚ್ಚಿದ ಕೋಣೆಯಲ್ಲಿ ಕೆಂಡ ಹಾಕಿಕೊಂಡು ಮಲಗುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದು ಇವುಗಳಿಂದ ಇಂಗಾಲದ ಮಾನಾಕ್ಸೈಡ್ ಶರೀರ ಸೇರುತ್ತದೆ. ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅದು ಹೀಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಹೀಗೆ ಉಂಟಾದ ಕಾರ್ಬಾಕ್ಸಿಹೀಮೋಗ್ಲೋಬಿನ್ ಕೆಂಪು ಬೆಳಕಿನಲ್ಲಿ ಆಮ್ಲಜನಕಸಹಿತ ಹೀಮೋಗ್ಲೋಬಿನ್‌ನಂತೆಯೇ ವರ್ತಿಸುವುದರಿಂದ, ಪ್ರಜ್ಞೆ ತಪ್ಪಿ ಬಿದ್ದವರ ಬೆರಳಿನಲ್ಲೂ ಅಂಕೆ 97 ಅಥವಾ 98 ಇರಬಹುದು. ಇಲ್ಲಿ ಆಧಾರವಾಗುವುದು ಅಂಕೆಯಲ್ಲ, ಸಂದರ್ಭ: ಒಂದೇ ಮನೆಯ ಹಲವರಿಗೆ ಏಕಕಾಲಕ್ಕೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು, ಅಂಕೆ ಎಷ್ಟೇ ಇರಲಿ, ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಬೇಕು.

## ಮೈಲುತುತ್ತ ಮತ್ತು 85ರ ಅಂಕೆ

ಅಡಿಕೆಯ ಕೊಳೆರೋಗದ ತಡೆಗೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ ಸೇರಿಸಿ ತಯಾರಿಸುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಇದು ಹೊಟ್ಟೆ ಸೇರಿದರೆ ತಾಮ್ರವು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಜೊತೆಗೆ ಹೀಮೋಗ್ಲೋಬಿನ್‌ನ ಕಬ್ಬಿಣವನ್ನು Fe²⁺ ಸ್ಥಿತಿಯಿಂದ Fe³⁺ ಸ್ಥಿತಿಗೆ ಉತ್ಕರ್ಷಿಸುತ್ತದೆ. ಹಾಗೆ ಮಾರ್ಪಟ್ಟ ಮೆಟ್‌ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಉಳಿದ ಹೀಮೋಗ್ಲೋಬಿನ್ ತಾನು ಹೊತ್ತದ್ದನ್ನು ಅಂಗಾಂಶಗಳಿಗೆ ಬಿಟ್ಟುಕೊಡುವುದಕ್ಕೂ ಅದು ಅಡ್ಡಿಯಾಗುತ್ತದೆ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ, ಇಂಡಾಕ್ಸಾಕಾರ್ಬ್ ಎಂಬ ಕೀಟನಾಶಕ, ನೈಟ್ರೈಟ್ ಲವಣಗಳು ಇವುಗಳಿಂದಲೂ ಇದೇ ಸ್ಥಿತಿ ಉಂಟಾಗಬಲ್ಲದು.

ಮೆಟ್‌ಹೀಮೋಗ್ಲೋಬಿನ್ ಕೆಂಪು ಮತ್ತು ಅವಕೆಂಪು ಬೆಳಕುಗಳೆರಡನ್ನೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹೀರುತ್ತದೆ. ಆದ್ದರಿಂದ ಅದು ಹೆಚ್ಚಿದಂತೆಲ್ಲ R ಬೆಲೆ 1ರತ್ತ ಸರಿದು, ಪರದೆಯ ಅಂಕೆ 85ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮೆಟ್‌ಹೀಮೋಗ್ಲೋಬಿನ್ ಶೇ. 35 ದಾಟಿ ಇನ್ನೂ ಏರುತ್ತಿದ್ದರೂ ಅಂಕೆ ಅಲ್ಲಿಂದ ಹೆಚ್ಚು ಕದಲದು.

ಒಂದು ಕಲ್ಪಿತ ಪ್ರಸಂಗದಿಂದ ಇದು ಸ್ಪಷ್ಟವಾಗುತ್ತದೆ. ತೋಟದ ಕೆಲಸಗಾರನೊಬ್ಬ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟಿದ್ದ ಮೈಲುತುತ್ತದ ನೀರನ್ನು ತಿಳಿಯದೆ ಕುಡಿದಿದ್ದಾನೆ ಎಂದಿಟ್ಟುಕೊಳ್ಳೋಣ. ಹಸಿರುನೀಲಿ ವಾಂತಿಯಾಗಿದೆ, ಕೆಲವು ಗಂಟೆಗಳ ನಂತರ ಆಸ್ಪತ್ರೆಗೆ ಬಂದಾಗ ತುಟಿ, ಉಗುರು ನೀಲಿಗಟ್ಟಿವೆ. ಸಾಧನದ ಅಂಕೆ 86. ಮುಖವಾಡದ ಮೂಲಕ ಆಮ್ಲಜನಕ ಕೊಟ್ಟು ಕಾಲು ಗಂಟೆ ಕಳೆದರೂ ಅದು 86ರಲ್ಲಿಯೇ ಇದೆ. ಶ್ವಾಸಕೋಶದ ಸದ್ದು ಸಹಜವಾಗಿದೆ. ಅಪಧಮನಿಯ ರಕ್ತದ ಪರೀಕ್ಷೆಯಲ್ಲಿ ಆಮ್ಲಜನಕದ ಒತ್ತಡ 240 ಮಿಲಿಮೀಟರ್ ಪಾದರಸ. ಅದರಿಂದ ಯಂತ್ರವು ಲೆಕ್ಕಹಾಕಿದ ಪರ್ಯಾಪ್ತತೆ 99. ಈಗ ವೈದ್ಯರ ಮುಂದಿರುವುದು 86 ಮತ್ತು 99 ಎಂಬ ಎರಡು ಅಂಕೆಗಳು, ಮತ್ತು ಎರಡೂ ತಪ್ಪು. ಮೊದಲನೆಯದು ಬಣ್ಣದಿಂದ ಮಾಡಿದ ಊಹೆ. ಎರಡನೆಯದು ರಕ್ತದ ದ್ರವದಲ್ಲಿ ಕರಗಿರುವ ಆಮ್ಲಜನಕದ ಒತ್ತಡವನ್ನು ನೋಡಿ, ಹೀಮೋಗ್ಲೋಬಿನ್ ಸಹಜವಾಗಿದೆ ಎಂದು ಭಾವಿಸಿ ಮಾಡಿದ ಊಹೆ. ಹಲವು ತರಂಗಾಂತರಗಳನ್ನು ಬಳಸಿ ಪ್ರತಿಯೊಂದು ಬಗೆಯ ಹೀಮೋಗ್ಲೋಬಿನ್ನನ್ನೂ ಬೇರೆಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್ ಯಂತ್ರದಲ್ಲಿ ಅದೇ ರಕ್ತವನ್ನು ಪರೀಕ್ಷಿಸಿದಾಗ ಮೆಟ್‌ಹೀಮೋಗ್ಲೋಬಿನ್ 38, ಆಮ್ಲಜನಕ ಹೊತ್ತದ್ದು 61 ಎಂದು ತಿಳಿಯುತ್ತದೆ.

ಸಾಧನದ ಅಂಕೆಗೂ ರಕ್ತಪರೀಕ್ಷೆಯ ಲೆಕ್ಕಕ್ಕೂ ಐದಕ್ಕಿಂತ ಹೆಚ್ಚು ಅಂತರವಿದ್ದರೆ ಇಂಥ ಅಸಹಜ ಹೀಮೋಗ್ಲೋಬಿನ್ ಇರಬಹುದೆಂದು ಸಂಶಯಿಸಬೇಕು. ಕೋ-ಆಕ್ಸಿಮೀಟರ್ ಇಲ್ಲದ ಕಡೆ ಒಂದು ಹಳೆಯ ಪರೀಕ್ಷೆ ನೆರವಾಗುತ್ತದೆ. ಬಿಳಿಯ ಸೋಸುಕಾಗದದ ಮೇಲೆ ರೋಗಿಯ ರಕ್ತದ ಒಂದು ಹನಿಯನ್ನೂ ಆರೋಗ್ಯವಂತರ ಒಂದು ಹನಿಯನ್ನೂ ಪಕ್ಕಪಕ್ಕದಲ್ಲಿಟ್ಟು ಗಾಳಿಗೆ ಬಿಡುತ್ತಾರೆ. ಸಹಜ ರಕ್ತ ಕೆಂಪೇರುತ್ತದೆ; ಮೆಟ್‌ಹೀಮೋಗ್ಲೋಬಿನ್ ಹೆಚ್ಚಿರುವ ರಕ್ತವು ಚಾಕೊಲೇಟಿನ ಕಂದು ಬಣ್ಣದಲ್ಲಿಯೇ ಉಳಿಯುತ್ತದೆ.

ಇದರ ಚಿಕಿತ್ಸೆಗೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಮಿಥಿಲೀನ್ ಬ್ಲೂ ಔಷಧವನ್ನು ವೈದ್ಯರು ರಕ್ತನಾಳದ ಮೂಲಕ ನಿಧಾನವಾಗಿ ಕೊಡುತ್ತಾರೆ. G6PD ಎಂಬ ಕಿಣ್ವದ ಕೊರತೆ ಇರುವವರಿಗೆ ಇದು ಹಾನಿಕರ. ಮೈಲುತುತ್ತದಿಂದ ರಕ್ತಕಣಗಳು ಒಡೆದಿರುವಲ್ಲಿ ಇದರ ಫಲವೂ ಕುಗ್ಗಬಹುದು. ಈ ಔಷಧವು ಸ್ವತಃ ಕಡುನೀಲಿಯಾಗಿದ್ದು ಸಾಧನದ ಕೆಂಪು ಬೆಳಕನ್ನು ಬಲವಾಗಿ ಹೀರುತ್ತದೆ. ಹಾಗಾಗಿ ಔಷಧ ಕೊಟ್ಟ ಕೂಡಲೇ, ರೋಗಿಯು ಚೇತರಿಸಿಕೊಳ್ಳುತ್ತಿರುವಾಗಲೂ, ಪರದೆಯ ಅಂಕೆ ಕೆಲವು ನಿಮಿಷಗಳ ಕಾಲ ಇನ್ನಷ್ಟು ಕುಸಿದು ಮತ್ತೆ ಮೇಲೇರುತ್ತದೆ.