ಧಾರವಾಡದ ಗೇಟಿನಿಂದ ಬೇಲೇಕೇರಿಯ ಅಡುಗೆಮನೆಗೆ

‘ಅವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1845ರಲ್ಲಿ ಶುರುವಾದ ಧಾರವಾಡದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಆದರೂ ಆ ಮಾತಿನಲ್ಲಿ ಹಳೆಯ ಅರ್ಥ ಉಳಿದೇ ಇದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾರವಾರ ಮತ್ತು ಧಾರವಾಡ ಒಂದೇ ಆಡಳಿತದಡಿ ಬಂದವು. ಘಟ್ಟ ಹತ್ತಿಸಿ, ಗೇಟು ದಾಟಿಸಿ ಬಂದರೆ ಮನೆಯವರ ಪಾಲಿನ ಕೆಲಸ ಮುಗಿಯಿತು. ಆಗ ಆರೈಕೆಯ ಯೋಜನೆ ಎಂದರೆ ಅಷ್ಟೇ.

ಇದನ್ನು ಬದಲಿಸಿದ್ದು ಗುಳಿಗೆ. ಸರ್ಪಗಂಧದ ಬೇರು ಉನ್ಮಾದವನ್ನು ತಣಿಸುತ್ತದೆಂದು ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ಆದರೆ ಅದು ರಕ್ತದೊತ್ತಡವನ್ನು ಇಳಿಸುತ್ತಿತ್ತು, ಮನಸ್ಸನ್ನೂ ಕುಗ್ಗಿಸುತ್ತಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಅದನ್ನು ಹಿಂದಿಕ್ಕಿತು. ಸ್ಕಿಜೋಫ್ರೇನಿಯಾ ಇರುವವರು ಮನೆಗೆ ಮರಳತೊಡಗಿದರು. ಮರಳಿದವರಿಗೆ ಗುಳಿಗೆ ಕೊಡುವವರು ಯಾರು ಎಂಬ ಪ್ರಶ್ನೆಯೂ ಅವರ ಜೊತೆ ಮನೆಗೆ ಬಂತು.

1980ರ ದಶಕದ ಮೊದಲಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಕೆಲವು ಔಷಧಿಗಳಲ್ಲಿ ಹಳ್ಳಿಯಲ್ಲೇ ಚಿಕಿತ್ಸೆ ನಡೆಸಬಹುದೆಂದು ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆಮೇಲೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕಾಯಿಲೆಯವರನ್ನು ಮನೆಮನೆಯಲ್ಲಿ ಹುಡುಕಿ ವರ್ಷಗಟ್ಟಲೆ ಹಿಂಬಾಲಿಸಿದಾಗ, ಔಷಧಿ ತೆಗೆದುಕೊಂಡವರು ದುಡಿಮೆಗೆ, ದಿನಚರಿಗೆ ಹೆಚ್ಚು ಮರಳಿದ್ದು ಕಂಡಿತು. 2014ರ ಮನೋಚೈತನ್ಯ ಕಾರ್ಯಕ್ರಮದಿಂದ ಮಂಗಳವಾರದ ಕ್ಲಿನಿಕ್ಕು ತಾಲ್ಲೂಕು ಆಸ್ಪತ್ರೆಗೇ ಬಂತು. ಈಗ ಕಾರವಾರದಲ್ಲಿ ವೈದ್ಯಕೀಯ ಕಾಲೇಜೂ ಇದೆ. ದಾರಿ ಹತ್ತಿರವಾಗಿದೆ. ಉಳಿದಿರುವುದು ಒಂದು ಮಂಗಳವಾರಕ್ಕೂ ಇನ್ನೊಂದು ಮಂಗಳವಾರಕ್ಕೂ ನಡುವಿನ ದಿನಗಳು.

ಆ ದಿನಗಳನ್ನು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೇಲೇಕೇರಿಯ 27ರ ಹುಡುಗ, ಕಾರವಾರದ ಬೈತಖೋಲ್ ಬಂದರಿನಿಂದ ಬೋಟಿಗೆ ಹೋಗುವವನು. ಎರಡು ಸಲ ಕಾಯಿಲೆ ಕೆರಳಿದೆ. ರಿಸ್ಪೆರಿಡೋನ್ ದಿನಕ್ಕೆ 4 ಮಿಲಿಗ್ರಾಂ. ಒಮ್ಮೆಗೆ ಮೂವತ್ತು ದಿನದ ಗುಳಿಗೆ ಕೊಡುತ್ತಾರೆ. 28ನೇ ದಿನ ಬಂದಾಗ ಎರಡು ದಿನದ್ದು ಉಳಿದಿರಬೇಕು, ಹನ್ನೊಂದು ದಿನದ್ದು ಉಳಿದಿದೆ. ಅಂದರೆ ಒಂಬತ್ತು ದಿನ ತಪ್ಪಿದೆ. ‘ತಗೊಳ್ತಿದ್ದೀಯಾ?’ ಎಂದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಖಾಲಿ ಪಟ್ಟಿ ತರಲು ಹೇಳಿ ಎಣಿಸಿದರೆ ನಿಜ ಗೊತ್ತಾಗುತ್ತದೆ. ಎಣಿಸುವುದು ಗದರಿಸಲಿಕ್ಕಲ್ಲ, ಮುಂದಿನ ಪ್ರಶ್ನೆಗೆ ದಾರಿ ಮಾಡಲಿಕ್ಕೆ: ಯಾವ ಒಂಬತ್ತು ದಿನ?

ಅವೆಲ್ಲ ಬೋಟಿಗೆ ಹೋದ ದಿನಗಳು. ರಾತ್ರಿ ಹತ್ತಕ್ಕೆ ಗುಳಿಗೆ ನುಂಗಿದರೆ ಬೆಳಗಿನ ನಾಲ್ಕಕ್ಕೆ ಏಳಲಾಗದು. ಎದ್ದರೂ ಕೈ ನಡುಗಿ ಬಲೆಯ ಹಗ್ಗ ಜಾರುತ್ತದೆ. ಇದನ್ನು ಮರೆವು ಎನ್ನಲಾಗದು, ಅವನ ಲೆಕ್ಕದಲ್ಲಿ ಅದು ಹೊಟ್ಟೆಪಾಡು. ಹಾಗಾಗಿ ವೈದ್ಯರು ಗುಳಿಗೆಯನ್ನು ಸಂಜೆ ಏಳರ ಊಟಕ್ಕೆ ಸರಿಸುತ್ತಾರೆ, ನಡುಕಕ್ಕೆ ಪ್ರಮಾಣ ತಗ್ಗಿಸುವುದೋ ಬೇರೆ ಗುಳಿಗೆ ಸೇರಿಸುವುದೋ ನೋಡುತ್ತಾರೆ. ಕೆಲ ತಿಂಗಳು ರಾತ್ರಿಯ ಬೋಟು ಬೇಡ, ದಡದಲ್ಲಿ ಬಲೆ ರಿಪೇರಿ ಸಾಕು. ನಿದ್ದೆಗೆಡುವುದೇ ಈ ಕಾಯಿಲೆಯನ್ನು ಕೆರಳಿಸಬಲ್ಲದು. ಇಷ್ಟಾದರೂ ಆಗದಿದ್ದರೆ, ಅವನು ಒಪ್ಪಿದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಫ್ಲುಫೆನಜಿನ್ ಡೆಕನೋಯೇಟ್ ಇಂಜೆಕ್ಷನ್. ತಪ್ಪಿದರೆ ಆ ದಿನವೇ ತಿಳಿಯುತ್ತದೆ ಎಂಬುದು ಇದರ ಅನುಕೂಲ. ಮೈ ಬಿಗಿತ ಬಂದರೆ ಒಳಗೆ ಹೋದದ್ದನ್ನು ಹೊರಗೆ ತೆಗೆಯಲಾಗದು ಎಂಬುದು ತೊಡಕು.

ಗುಳಿಗೆ ಬಿಟ್ಟವನನ್ನು ಕಾಲವೇ ಮೋಸಗೊಳಿಸುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಮಂಪರು ಹೋಗಿ ಅವನು ಮೊದಲಿಗಿಂತ ಚುರುಕಾಗಿರುತ್ತಾನೆ. ಮನೆಯವರಿಗೂ ‘ಗುಣ ಆಯ್ತು’ ಅನಿಸುತ್ತದೆ. ಕಾಯಿಲೆ ಮರಳುವುದು ವಾರ, ತಿಂಗಳು ಕಳೆದ ಮೇಲೆ. ಆಗ ಬಿಟ್ಟ ಗುಳಿಗೆಗೂ ಬಂದ ಕಾಯಿಲೆಗೂ ಯಾರೂ ಗಂಟು ಹಾಕುವುದಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಮಾಡಿದ ಲೆಕ್ಕದಲ್ಲಿ, ವರ್ಷವೊಂದರಲ್ಲಿ ಔಷಧಿ ಮುಂದುವರಿಸಿದವರಲ್ಲಿ ಶೇ. 27 ಮಂದಿಗೆ ಕಾಯಿಲೆ ಮರುಕಳಿಸಿದರೆ, ನಿಲ್ಲಿಸಿದವರಲ್ಲಿ ಶೇ. 64 ಮಂದಿಗೆ ಮರುಕಳಿಸಿತ್ತು. ಗುಳಿಗೆ ತಪ್ಪದವರಲ್ಲೂ ನಾಲ್ಕರಲ್ಲೊಬ್ಬರಿಗೆ ಮರುಕಳಿಸಿತೆಂಬುದನ್ನೂ ಮನೆಯವರಿಗೆ ಹೇಳಬೇಕು. ಇಲ್ಲದಿದ್ದರೆ ಆ ದಿನ ಬಂದಾಗ ಔಷಧಿಯ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನು ದನಿಗಳು. ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ಆಸ್ಪತ್ರೆಯಲ್ಲಿ ಕನ್ನಡ. ಹಾಗಾಗಿ ದನಿ ಯಾವ ಭಾಷೆಯಲ್ಲಿ ಮಾತಾಡುತ್ತದೆ, ಯಾರ ದನಿ, ಏನು ಹೇಳುತ್ತದೆ ಎಂದು ಕೇಳುವುದು ನನ್ನ ಮಟ್ಟಿಗೆ ಅರ್ಧ ಪರೀಕ್ಷೆ. ಮಾನವಶಾಸ್ತ್ರಜ್ಞೆ ತಾನ್ಯಾ ಲುಹ್ರ್‌ಮನ್ ಮತ್ತು ಸಂಗಡಿಗರು ಚೆನ್ನೈ, ಘಾನಾದ ಅಕ್ರಾ, ಅಮೆರಿಕದ ಸ್ಯಾನ್ ಮಟೆಯೋಗಳಲ್ಲಿ ತಲಾ ಇಪ್ಪತ್ತು ಜನರನ್ನು ಮಾತಾಡಿಸಿದ್ದರು. ಚೆನ್ನೈಯವರಲ್ಲಿ ಹಲವರಿಗೆ ಕೇಳಿಸಿದ್ದು ನೆಂಟರ ದನಿ: ಸ್ನಾನ ಮಾಡು, ಅಡುಗೆ ಮಾಡು ಎಂದು ಗದರುವಂಥದ್ದು. ಹೀಗಿರುವಾಗ ಸತ್ತ ಅಜ್ಜ ಮಾತಾಡುತ್ತಾನೆಂದು ದೇವಸ್ಥಾನದಲ್ಲಿ ಪ್ರಸಾದ ಕೇಳಲು ಹೋಗುವ ಮನೆಯವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಪ್ರಸಾದ ಕೇಳಲಿ, ಸಂಜೆಯ ಗುಳಿಗೆ ತಪ್ಪದಿದ್ದರಾಯಿತು.

ಹುಡುಗ ಮೂಲೆಯಲ್ಲಿ ಕುಳಿತು ಒಬ್ಬನೇ ಉತ್ತರ ಕೊಡುತ್ತಿದ್ದರೆ ಆಯಿ ಏನನ್ನಬೇಕು? ‘ಯಾರೂ ಇಲ್ಲ, ಹುಚ್ಚನ ಹಾಗೆ ಆಡಬೇಡ’ ಎಂದರೆ ಅವನು ಮುಂದೆ ಮುಚ್ಚಿಡುತ್ತಾನೆ. ‘ಹೌದು, ನಂಗೂ ಕೇಳ್ತು’ ಎಂದರೆ ದನಿಗೆ ಸಾಕ್ಷಿ ಸಿಕ್ಕಂತಾಯಿತು. ‘ನಂಗೆ ಕೇಳಿಸ್ತಿಲ್ಲ ತಮಾ, ನಿಂಗೆ ಕೇಳಿಸ್ತಿದೆ ಅಂತ ಗೊತ್ತು. ಬಾ, ಈ ಬಲೆ ಹಿಡಿ’ ಎಂಬ ನಡುದಾರಿಯೇ ಕಲಿಸಬೇಕಾದ್ದು. ಗುನುಗುವುದು, ಇಯರ್‌ಫೋನಿನಲ್ಲಿ ಹಾಡು, ಕೈಗೆ ಕೆಲಸ ಇವುಗಳಿಂದ ಹಲವರಿಗೆ ದನಿ ಹಿಂದೆ ಸರಿಯುತ್ತದೆ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿದ್ದು ಮಳೆ ಹಿಡಿದಾಗ ಕೆಲಸವೂ ಇಲ್ಲ, ಸಂಗಡಿಗರೂ ಇಲ್ಲ. ಯೋಜನೆಯಲ್ಲಿ ಆ ಎರಡು ತಿಂಗಳಿಗೆ ಬೇರೆಯೇ ದಿನಚರಿ ಬೇಕು. ದನಿ ‘ಹೊಡಿ’, ‘ಸಾಯಿ’ ಎಂದು ಅಪ್ಪಣೆ ಕೊಡತೊಡಗಿದರೆ ಮಾತ್ರ ಮಂಗಳವಾರಕ್ಕೆ ಕಾಯಬಾರದು, ಅಂದೇ ಆಸ್ಪತ್ರೆ. ಏನು ಮಾಡಬೇಕೆಂದು ಕೇಳಲು ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಮನೆಯವರಿಗೆ ಕಲಿಸುವುದು ಎಂದರೆ ಬಹಳ ಕಾಲ ‘ಇದು ಮೆದುಳಿನ ಕಾಯಿಲೆ, ಮಾಟವಲ್ಲ’ ಎಂಬ ಭಾಷಣವಾಗಿತ್ತು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಬೇರೆಯದನ್ನು ಕಂಡರು: ಬಿಡುಗಡೆಯಾಗಿ ಟೀಕೆ, ಸಿಡುಕು ತುಂಬಿದ ಮನೆಗೆ ಹೋದವರಲ್ಲಿ ಕಾಯಿಲೆ ಹೆಚ್ಚು ಮರಳುತ್ತಿತ್ತು. ಚಂಡೀಗಢದಲ್ಲಿ ಅದನ್ನೇ ಅಳೆದಾಗ ನಮ್ಮ ಮನೆಗಳಲ್ಲಿ ಟೀಕೆ ಲಂಡನ್ನಿಗಿಂತ ಕಡಿಮೆ ಕಂಡಿತು. ಹಾಗೆಂದು ಬೀಗಬೇಕಿಲ್ಲ, ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಕಾಯಿಲೆ ಬೇರೆಯದಿರಬಹುದು, ಆದರೆ ಗುಣವಾಗಿ ಬಂದವಳನ್ನು ನೋಡುವ ಆ ಕಣ್ಣುಗಳು ನಮಗೆ ಪರಿಚಿತವೇ.

ಮನೆಯವರು ಹೆಚ್ಚಾಗಿ ಎಡವುವುದು ಎರಡು ಕಡೆ. ಒಂದು, ಗುಳಿಗೆಯನ್ನು ಪುಡಿ ಮಾಡಿ ಗಂಜಿಗೋ ಮೀನು ಸಾರಿಗೋ ಕಲಸುವುದು. ಗೊತ್ತಾದ ದಿನ ‘ವಿಷ ಹಾಕ್ತಾರೆ’ ಎಂಬ ಅವನ ಅನುಮಾನ ನಿಜವಾದಂತೆ, ಮತ್ತೆ ಊಟವನ್ನೇ ಬಿಡುತ್ತಾನೆ. ಎರಡನೆಯದು ಇನ್ನೂ ಸೂಕ್ಷ್ಮ. ಔಷಧಿ ಶುರು ಮಾಡಿದ ಅಥವಾ ಏರಿಸಿದ ಕೆಲವೇ ದಿನಗಳಲ್ಲಿ ಅವನು ಕೂತಲ್ಲಿ ಕೂರದೆ, ಕಾಲು ಬದಲಿಸುತ್ತ, ಜಗಲಿಯುದ್ದ ಓಡಾಡತೊಡಗಿದರೆ ‘ಹುಚ್ಚು ಹೆಚ್ಚಾಯ್ತು’ ಎಂದು ಇನ್ನೊಂದು ಗುಳಿಗೆ ಕೊಡುತ್ತಾರೆ. ಅದು ಅಕಥಿಸಿಯಾ ಎಂಬ ಅಡ್ಡಪರಿಣಾಮವಾದರೆ ಪ್ರಮಾಣ ಏರಿಸಿದಷ್ಟೂ ಹೆಚ್ಚುತ್ತದೆ. ಗುರುತಿಸುವುದು ಕಷ್ಟವಲ್ಲ: ಚಡಪಡಿಕೆ ಹೆಚ್ಚಾಗಿ ಕಾಲುಗಳಲ್ಲಿರುತ್ತದೆ, ‘ನಿಲ್ಲಿಸಲಾಗ್ತಿಲ್ಲ’ ಎಂದು ಅವನೇ ಗೋಳಾಡುತ್ತಾನೆ. ಕಾಯಿಲೆಯೇ ಮರಳುತ್ತಿದ್ದರೆ ಮೊದಲು ಕೆಡುವುದು ಬಹಳ ಸಲ ನಿದ್ದೆ, ಆಮೇಲೆ ಮಾತು ಕಡಿಮೆ, ಅನುಮಾನ. ಅವನ ಹಿಂದಿನ ಎರಡು ಸಲದ ಮುನ್ಸೂಚನೆಗಳನ್ನು ಮನೆಯವರೇ ನೆನಪಿಸಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಬೇಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತ್ತು. ಅಂಥ ಮಳೆಗಾಲಕ್ಕೆಂದು ಮೇ ಕೊನೆಯಲ್ಲೇ ವೈದ್ಯರನ್ನು ಕೇಳಿ ಹದಿನೈದು ದಿನದ ಗುಳಿಗೆ ಹೆಚ್ಚು ಬರೆಸಿಕೊಂಡು, ತೇವ ತಗಲದ ಮುಚ್ಚಳದ ಡಬ್ಬಿಯಲ್ಲಿ ಆಯಿಯ ಹತ್ತಿರ ಇಡುವುದು ಆ ಹುಡುಗನ ಯೋಜನೆಯ ಇನ್ನೊಂದು ಸಾಲು.