ಟ್ರೈ-ಸ್ಟೇಟ್ ಬಸ್

ಕಂಪ್ಯೂಟರಿನ ಹಲವು ರಿಜಿಸ್ಟರುಗಳು ಒಂದೇ ತಂತಿಗಳ ಗುಂಪಿನ ಮೂಲಕ ಸರದಿಯಂತೆ ದತ್ತಾಂಶ ಸಾಗಿಸುವ ಏರ್ಪಾಡು. ಆ ತಂತಿಗಳ ಗುಂಪನ್ನು ಬಸ್ ಎನ್ನುತ್ತಾರೆ. ಪ್ರತಿ ರಿಜಿಸ್ಟರಿನ ಹೊರದಾರಿಯಲ್ಲೂ ಒಂದು ಟ್ರೈ-ಸ್ಟೇಟ್ ಬಫರ್ ಇರುತ್ತದೆ. ಅದು 0 ಅಥವಾ 1 ಕೊಡಬಲ್ಲದು. ಎರಡನ್ನೂ ಕೊಡದೆ ತಂತಿಯಿಂದ ವಿದ್ಯುತ್ ದೃಷ್ಟಿಯಲ್ಲಿ ಬೇರ್ಪಟ್ಟೂ ಇರಬಲ್ಲದು. ಈ ಮೂರನೆಯ ಸ್ಥಿತಿಯೇ ವೇಗದ ಹಂಚಿಕೆಯನ್ನು ಸಾಧ್ಯವಾಗಿಸಿತು. ಯಾವ ಬಫರ್ ಯಾವಾಗ ಬಸ್ಸನ್ನು ಬಿಟ್ಟುಕೊಡಬೇಕೆಂಬ ಕಟ್ಟುನಿಟ್ಟು ಬೆಳೆದುಬಂದದ್ದೇ ಇದರ ಮುಂದಿನ ಚರಿತ್ರೆ.

ಹಿನ್ನೆಲೆ

ಎಂಟು ಬಿಟ್‌ಗಳ ಎಂಟು ರಿಜಿಸ್ಟರುಗಳಿವೆ ಎನ್ನೋಣ. ಪ್ರತಿಯೊಂದರಿಂದ ಉಳಿದ ಪ್ರತಿಯೊಂದಕ್ಕೂ ಬೇರೆ ಬೇರೆ ದಾರಿ ಎಳೆದರೆ 56 ದಾರಿಗಳು, ಅಂದರೆ 448 ತಂತಿಗಳು ಬೇಕು. ಒಂದೇ ಬಸ್ಸಾದರೆ ಎಂಟು ತಂತಿ ಸಾಕು. ಆದರೆ 1960ರ ದಶಕದ ಸಾಮಾನ್ಯ ಟಿಟಿಎಲ್ ಗೇಟುಗಳನ್ನು ಹೀಗೆ ಒಂದೇ ತಂತಿಗೆ ಸೇರಿಸುವಂತಿರಲಿಲ್ಲ. ಅವುಗಳ ಹೊರದಾರಿಯಲ್ಲಿ ಎರಡು ಟ್ರಾನ್ಸಿಸ್ಟರುಗಳಿದ್ದವು. ಮೇಲಿನದು ತಂತಿಯನ್ನು 5 ವೋಲ್ಟ್ ಕಡೆಗೆ ಎತ್ತುತ್ತಿತ್ತು, ಕೆಳಗಿನದು ನೆಲದ ಕಡೆಗೆ ಎಳೆಯುತ್ತಿತ್ತು. ಎರಡರಲ್ಲೊಂದು ಯಾವಾಗಲೂ ಕೆಲಸದಲ್ಲಿರುತ್ತಿತ್ತು.

ಈ ತೊಡಕಿಗೆ ಮೊದಲು ಸಿಕ್ಕ ಪರಿಹಾರ ಓಪನ್ ಕಲೆಕ್ಟರ್. ಇದರಲ್ಲಿ ಮೇಲಿನ ಟ್ರಾನ್ಸಿಸ್ಟರನ್ನೇ ತೆಗೆದುಹಾಕಿ, ತಂತಿಗೆ ಒಟ್ಟಾಗಿ ಒಂದು ರೋಧಕವನ್ನು ಜೋಡಿಸಿ ಅದನ್ನು ಮೇಲಕ್ಕೆತ್ತುತ್ತಿದ್ದರು. 1970ರಲ್ಲಿ ಡಿಇಸಿ ಸಂಸ್ಥೆಯ ಪಿಡಿಪಿ-11 ಜೊತೆ ಬಂದ ಯೂನಿಬಸ್ ಈ ಬಗೆಯದು. ಇದರಲ್ಲಿ ಇಬ್ಬರು ಒಟ್ಟಿಗೆ ಬಸ್ಸಿಗಿಳಿದರೆ ದತ್ತಾಂಶ ಕೆಡುತ್ತದೆ, ಆದರೆ ಚಿಪ್ಪಿಗೆ ಹಾನಿಯಿಲ್ಲ. ಎಲ್ಲರೂ ತಂತಿಯನ್ನು ಕೆಳಗಷ್ಟೇ ಎಳೆಯಬಲ್ಲರು. ಕೊರತೆ ಇರುವುದು ವೇಗದಲ್ಲಿ. 1 ಕಿಲೋಓಮ್ ರೋಧಕ 100 ಪಿಕೋಫ್ಯಾರಡ್ ಧಾರಕತೆಯ ತಂತಿಯನ್ನು ಮೇಲೆತ್ತಬೇಕಾದರೆ ಅದರ ಕಾಲಸ್ಥಿರಾಂಕವೇ 100 ನ್ಯಾನೋಸೆಕೆಂಡ್. ಟಿಟಿಎಲ್ ಗೇಟಿನ ವಿಳಂಬವಾದರೋ ಸುಮಾರು 10 ನ್ಯಾನೋಸೆಕೆಂಡ್ ಮಾತ್ರ.

ಮೂರನೆಯ ಸ್ಥಿತಿ

1970ರ ದಶಕದ ಆರಂಭದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆ ಟ್ರೈ-ಸ್ಟೇಟ್ ಎಂಬ ವ್ಯಾಪಾರಮುದ್ರೆಯಡಿ ಹೊಸ ಬಗೆಯ ಚಿಪ್ಪುಗಳನ್ನು ಮಾರಿತು. ಅವುಗಳಲ್ಲಿ ಎರಡೂ ಟ್ರಾನ್ಸಿಸ್ಟರುಗಳು ಉಳಿದವು. ಒಂದು ನಿಯಂತ್ರಣ ಸಂಕೇತದಿಂದ ಎರಡನ್ನೂ ಒಟ್ಟಿಗೆ ಆರಿಸುವ ಸೌಕರ್ಯ ಸೇರಿತು. ಹಾಗಾಗಿ ತಂತಿ ಎರಡೂ ದಿಕ್ಕಿಗೆ ಚುರುಕಾಗಿ ಚಲಿಸಿತು.

ನಾಲ್ಕು ಬಿಟ್‌ಗಳ 74173 ರಿಜಿಸ್ಟರ್ ಈ ಪೀಳಿಗೆಯ ಒಳ್ಳೆಯ ಮಾದರಿ. ಇಂಥ 128 ಹೊರದಾರಿಗಳನ್ನು ಒಂದೇ ಬಸ್ಸಿಗೆ ಜೋಡಿಸಿದರೂ ಎರಡು ಟಿಟಿಎಲ್ ಒಳದಾರಿಗಳನ್ನು ನಡೆಸಬಹುದೆಂದು ಅದರ ದತ್ತಾಂಶ ಪತ್ರ ಹೇಳುತ್ತದೆ. ಲೆಕ್ಕ ಹೀಗಿದೆ: ಬೇರ್ಪಟ್ಟಿರುವ ಹೊರದಾರಿಯಲ್ಲೂ 40 ಮೈಕ್ರೋಆಂಪಿಯರ್‌ವರೆಗೆ ಸೋರಿಕೆಯಿರುತ್ತದೆ. ಸುಮ್ಮನಿರುವ 127ರ ಸೋರಿಕೆ 5,080. ಎರಡು ಒಳದಾರಿಗಳದು 80. ಒಟ್ಟು 5,160 ಮೈಕ್ರೋಆಂಪಿಯರ್. ಬಸ್ಸನ್ನು ನಡೆಸುತ್ತಿರುವ ಒಂದು ಹೊರದಾರಿ 5,200 ಕೊಡಬಲ್ಲದು. ಬೇರ್ಪಡುವಿಕೆ ಪರಿಪೂರ್ಣವಲ್ಲ, ಆದ್ದರಿಂದಲೇ ಹಂಚಿಕೆಗೂ ಮಿತಿಯುಂಟು.

ಘರ್ಷಣೆ

ಓಪನ್ ಕಲೆಕ್ಟರಿನಲ್ಲಿ ಇಲ್ಲದಿದ್ದ ಅಪಾಯವೊಂದು ಇಲ್ಲಿ ಹುಟ್ಟಿತು. ಒಂದು ಬಫರ್ 1 ಕೊಡುವಾಗಲೇ ಇನ್ನೊಂದು 0 ಕೊಟ್ಟರೆ, ಮೊದಲನೆಯದರ ಮೇಲಿನ ಟ್ರಾನ್ಸಿಸ್ಟರಿನಿಂದ ಎರಡನೆಯದರ ಕೆಳಗಿನ ಟ್ರಾನ್ಸಿಸ್ಟರಿಗೆ ಹತ್ತಾರು ಮಿಲಿಆಂಪಿಯರ್ ನೇರವಾಗಿ ಹರಿಯುತ್ತದೆ. ಚಿಪ್ಪು ಬಿಸಿಯಾಗುತ್ತದೆ, ಪೂರೈಕೆಯ ವೋಲ್ಟೇಜು ಕುಸಿಯುತ್ತದೆ. ಟಿಟಿಎಲ್‌ನಲ್ಲಿ 0.8 ವೋಲ್ಟಿಗಿಂತ ಕೆಳಗಿದ್ದರೆ 0, 2.0ಕ್ಕಿಂತ ಮೇಲಿದ್ದರೆ 1. ಜಗಳವಾಡುತ್ತಿರುವ ತಂತಿ ಇವೆರಡರ ನಡುವೆ ನಿಲ್ಲಬಹುದು.

ಯಾರೂ ನಡೆಸದೆ ತೇಲುತ್ತಿರುವ ತಂತಿಯೂ ಆಸಿಲೋಸ್ಕೋಪಿನಲ್ಲಿ ಹಾಗೆಯೇ ಕಾಣಬಹುದು. ಎರಡರ ವ್ಯತ್ಯಾಸ ತಿಳಿಯಲು ಕ್ಲಾಕನ್ನು ನಿಲ್ಲಿಸಿ, ತಂತಿಯಿಂದ 5 ವೋಲ್ಟಿಗೆ 1 ಕಿಲೋಓಮ್ ರೋಧಕವನ್ನು ಮುಟ್ಟಿಸುತ್ತಾರೆ. ತೇಲುವ ತಂತಿ ಸಲೀಸಾಗಿ ಮೇಲೇರುತ್ತದೆ. ಎರಡು ಬಫರುಗಳ ಹಿಡಿತದಲ್ಲಿರುವ ತಂತಿ ಹೆಚ್ಚು ಅಲುಗಾಡುವುದಿಲ್ಲ.

ಒಂದು ಉದಾಹರಣೆ: ಸ್ಯಾಪ್-1

ಆಲ್ಬರ್ಟ್ ಪಾಲ್ ಮಾಲ್ವಿನೋ ತಮ್ಮ ‘ಡಿಜಿಟಲ್ ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್’ ಪಠ್ಯದಲ್ಲಿ ಕಲಿಕೆಗೆಂದು ರೂಪಿಸಿದ ಸ್ಯಾಪ್-1 ಕಂಪ್ಯೂಟರಿನಲ್ಲಿ ಎಂಟು ಬಿಟ್‌ಗಳ ಒಂದೇ ಬಸ್ಸಿದೆ. ಪ್ರತಿ ಆದೇಶವೂ ಆರು ಹಂತಗಳಲ್ಲಿ ಮುಗಿಯುತ್ತದೆ. ಕೂಡುವ ಆದೇಶದ ಹಂತಗಳಲ್ಲಿ ಎಚ್ಚರವಾಗುವ ಸಂಕೇತಗಳು ಇವು:

```
T1: Ep, Lm
T2: Cp
T3: CE, Li
T4: Ei, Lm
T5: CE, Lb
T6: Eu, La
```

`Ep`, `CE`, `Ei`, `Eu` ಬಸ್ಸಿಗೆ ದತ್ತಾಂಶ ಬಿಡುವವು. `L` ಅಕ್ಷರದವು ಬಸ್ಸಿನಿಂದ ತೆಗೆದುಕೊಳ್ಳುವವು. ಯಾವ ಸಾಲಿನಲ್ಲೂ ಬಿಡುವ ಸಂಕೇತ ಒಂದಕ್ಕಿಂತ ಹೆಚ್ಚಿಲ್ಲ. T2ರಲ್ಲಿ ಎಣಿಕೆಗಾರ ಒಂದು ಮುಂದಕ್ಕೆ ಹೋಗುತ್ತದೆ ಅಷ್ಟೇ, ಬಸ್ ಖಾಲಿ.

ಹಂತ ಬದಲಾಗುವುದು ಕ್ಲಾಕ್ ಇಳಿಯುವ ಅಂಚಿನಲ್ಲಿ. ರಿಜಿಸ್ಟರು ದತ್ತಾಂಶ ಹಿಡಿಯುವುದು ಆ ಹಂತದ ನಡುವೆ ಬರುವ ಏರುವ ಅಂಚಿನಲ್ಲಿ. T5 ಮುಗಿದು T6 ಶುರುವಾಗುವಾಗ ಮೆಮೊರಿಯ ಬಫರ್ ಮುಚ್ಚುತ್ತದೆ, ಸಂಕಲಕದ್ದು ತೆರೆಯುತ್ತದೆ. ಇವು ಕೆಲವು ನ್ಯಾನೋಸೆಕೆಂಡ್ ಒಂದರ ಮೇಲೊಂದು ಬಿದ್ದರೂ ತಪ್ಪು ದತ್ತಾಂಶ ದಾಖಲಾಗದು, ಏಕೆಂದರೆ ಹಿಡಿಯುವ ಹೊತ್ತು ಇನ್ನೂ ಅರ್ಧ ಆವರ್ತ ದೂರದಲ್ಲಿದೆ. 1 ಕಿಲೋಹರ್ಟ್ಸ್ ಕ್ಲಾಕಿನಲ್ಲಿ ಆ ಅಂತರ 500 ಮೈಕ್ರೋಸೆಕೆಂಡ್.

T6ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಚಯಕದಲ್ಲಿರುವ ಸಂಖ್ಯೆಯಿಂದಲೇ ಹುಟ್ಟಿದ ಮೊತ್ತ ಬಸ್ಸಿನ ಮೂಲಕ ಅದೇ ಸಂಚಯಕಕ್ಕೆ ಮರಳುತ್ತದೆ. ಹೊಸ ಸಂಖ್ಯೆ ಒಳಹೊಕ್ಕೊಡನೆ ಮೊತ್ತವೂ ಬದಲಾಗುತ್ತದೆ. ರಿಜಿಸ್ಟರು ಅಂಚಿನಲ್ಲಿ ಮಾತ್ರ ಹಿಡಿಯುವುದರಿಂದ ಆ ಬದಲಾವಣೆ ಬಸ್ಸಿಗೆ ತಲುಪುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಕೂಡಿಕೆ ಒಂದೇ ಸಲ ಆಗುತ್ತದೆ.

ಘರ್ಷಣೆ ತಡೆಯುವ ಕ್ರಮಗಳು

ಸ್ಯಾಪ್-1ರಲ್ಲಿ ಪ್ರತಿ ಬಫರಿಗೂ ಪ್ರತ್ಯೇಕ ನಿಯಂತ್ರಣ ಬಿಟ್ ಇರುವುದರಿಂದ, ನಿಯಂತ್ರಣ ಪದ ತಪ್ಪಾದರೆ ಎರಡು ಬಫರು ತೆರೆಯಬಹುದು. ಇದನ್ನು ಬುಡದಲ್ಲೇ ತಡೆಯಲು ಡಿಕೋಡರ್ ಬಳಸುತ್ತಾರೆ. 74ಎಲ್‌ಎಸ್138 ಮೂರು ಬಿಟ್‌ಗಳನ್ನು ತೆಗೆದುಕೊಂಡು ಎಂಟು ಹೊರದಾರಿಗಳಲ್ಲಿ ಒಂದನ್ನು ಮಾತ್ರ ಎಚ್ಚರಿಸುತ್ತದೆ. ಆದರೆ ಒಳದಾರಿ 011ರಿಂದ 100ಕ್ಕೆ ಹೋಗುವಾಗ ಮೂರೂ ಬಿಟ್‌ಗಳು ಒಂದೇ ಕ್ಷಣಕ್ಕೆ ಬದಲಾಗುವುದಿಲ್ಲ. ನಡುವೆ ಬೇರೊಂದು ಹೊರದಾರಿ ಮಿಂಚಿ ಮರೆಯಾಗಬಹುದು. ಆದ್ದರಿಂದ ಬದಲಾವಣೆ ನೆಲೆಗೊಳ್ಳುವವರೆಗೆ ಡಿಕೋಡರನ್ನೇ ಆರಿಸಿಡುತ್ತಾರೆ.

ಎರಡನೆಯ ಕ್ರಮ, ಮೊದಲು ಬಿಟ್ಟು ಆಮೇಲೆ ಹಿಡಿಯುವುದು. 74173ರಲ್ಲಿ ಹೊರದಾರಿ ಆರುವ ಸರಾಸರಿ ಸಮಯ ಹೊತ್ತುವ ಸಮಯಕ್ಕಿಂತ ಕಡಿಮೆಯಿರುವಂತೆ ಬೇಕೆಂದೇ ವಿನ್ಯಾಸ ಮಾಡಲಾಗಿದೆ. ಇದು ಸರಾಸರಿಯ ಮಾತು. ನಿಧಾನವಾಗಿ ಆರುವ ಒಂದು ಚಿಪ್ಪು ಬೇಗ ಹೊತ್ತುವ ಇನ್ನೊಂದನ್ನು ಸಂಧಿಸಿದರೆ ಘರ್ಷಣೆ ತಪ್ಪದು. ಹಾಗಾಗಿ ವೇಗದ ಬಸ್ಸುಗಳು ಈ ಅಂತರವನ್ನು ನಿಯಮವಾಗಿಯೇ ಬರೆದುಕೊಂಡವು. 1992ರಲ್ಲಿ ಬಂದ ಪಿಸಿಐ ಬಸ್ಸಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ತಂತಿ ಹಸ್ತಾಂತರವಾಗುವಾಗ, ಯಾರೂ ನಡೆಸದ ಒಂದು ಕ್ಲಾಕ್ ಆವರ್ತವನ್ನು ಬಿಡಲೇಬೇಕು.

ನಂತರದ ಬೆಳವಣಿಗೆ

ಚಿಪ್ಪಿನೊಳಗೆ ತಂತಿಗಳು ಅಗ್ಗವಾದಂತೆ ಅಲ್ಲಿ ತಂತಿ ಹಂಚಿಕೊಳ್ಳುವ ಅಗತ್ಯ ಕುಗ್ಗಿತು. 1999ರಲ್ಲಿ ಎಆರ್‌ಎಂ ಸಂಸ್ಥೆ ಪ್ರಕಟಿಸಿದ ಎಎಚ್‌ಬಿ ಬಸ್ ಟ್ರೈ-ಸ್ಟೇಟ್ ಬಿಟ್ಟು ಮಲ್ಟಿಪ್ಲೆಕ್ಸರನ್ನು ಆಯ್ದುಕೊಂಡಿತು. ಮಲ್ಟಿಪ್ಲೆಕ್ಸರಿನಲ್ಲಿ ಆಯ್ಕೆ ತಪ್ಪಾದರೆ ತಪ್ಪು ದತ್ತಾಂಶ ಬರಬಹುದು, ಆದರೆ ಎರಡು ಹೊರದಾರಿಗಳು ಎಂದೂ ಮುಖಾಮುಖಿಯಾಗವು. ಹಿಂದೆ ಒಳಗೇ ಟ್ರೈ-ಸ್ಟೇಟ್ ಬಫರುಗಳಿದ್ದ ಜೈಲಿಂಕ್ಸ್ ಸಂಸ್ಥೆಯ ಎಫ್‌ಪಿಜಿಎ ಚಿಪ್ಪುಗಳೂ ನಂತರದ ಪೀಳಿಗೆಗಳಲ್ಲಿ ಅವನ್ನು ಕೈಬಿಟ್ಟವು. ಚಿಪ್ಪುಗಳ ನಡುವೆ ಮಾತ್ರ, ಪ್ರತಿ ಪಿನ್ನಿಗೂ ಬೆಲೆಯಿರುವುದರಿಂದ, ಹಂಚಿಕೆ ಉಳಿದಿದೆ. ಡಿಡಿಆರ್ ಮೆಮೊರಿಯ ದತ್ತಾಂಶ ತಂತಿಗಳನ್ನು ಓದುವಾಗ ಮೆಮೊರಿಯೂ ಬರೆಯುವಾಗ ನಿಯಂತ್ರಕವೂ ನಡೆಸುತ್ತವೆ; ಓದಿನಿಂದ ಬರಹಕ್ಕೆ ತಿರುಗುವಾಗ ಬಿಡಬೇಕಾದ ಅಂತರವನ್ನು ನಿಯಂತ್ರಕವೇ ಲೆಕ್ಕಹಾಕುತ್ತದೆ.