ಸ್ವಸಹಾಯ ಸಂಘದ ಲೆಕ್ಕಪುಸ್ತಕ

ಮಹಿಳಾ ಸಂಘದ ಉಳಿತಾಯ, ಒಳಸಾಲ, ಬಡ್ಡಿಗಳ ದಾಖಲೆ. ಇಂಥ ಸಂಘಗಳನ್ನು ಮೊದಲು ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಪ್ರಮುಖ. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು.

ಸಭೆಯಲ್ಲೇ ಎಲ್ಲರೆದುರು ಹಣ ಎಣಿಸಿ ಬರೆಯುವುದು ರೂಢಿ. ಎಡವುವುದು ಕಂತಿನಲ್ಲಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ 6,000 ಸಾಲ ಪಡೆದವರು 620 ಕಟ್ಟಿದರೆ, ಅದರಲ್ಲಿ 120 ಬಡ್ಡಿ, 500 ಅಸಲು. ಮುಂದಿನ ತಿಂಗಳು ಬಡ್ಡಿ 5,500ಕ್ಕೆ ಮಾತ್ರ, ಅಂದರೆ 110. ಪೂರ್ತಿ 620ನ್ನು ಅಸಲಿಗೆ ಬರೆದರೂ ಪೆಟ್ಟಿಗೆಯ ನಗದು ಸರಿಯಾಗಿಯೇ ಇರುತ್ತದೆ, ಹಂಚಬೇಕಾದ ಬಡ್ಡಿ ಮಾತ್ರ ಕಾಣೆಯಾಗುತ್ತದೆ. ಹಿಂದಿನ ತಿಂಗಳ ಒಟ್ಟು ಸಾಲಬಾಕಿಗೆ ಬರಬೇಕಾದ ಬಡ್ಡಿಯನ್ನು ಬಡ್ಡಿ ಕಾಲಮ್ಮಿನ ಮೊತ್ತದೊಂದಿಗೆ ತಾಳೆ ನೋಡಿದರೆ ತಪ್ಪು ಸಿಗುತ್ತದೆ.

ವರ್ಷದ ಕೊನೆಗೆ ಬಡ್ಡಿಯನ್ನು ಸಮವಾಗಿ ಹಂಚುವ ಸಂಘಗಳೂ ಇವೆ. ತಡವಾಗಿ ಸೇರಿದವರಿದ್ದಲ್ಲಿ ಉಳಿತಾಯದ ಮೊತ್ತ, ಅವಧಿ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದೇ ನ್ಯಾಯ.